ಮೋಟಾರ್ ವೇಗದ ಪಿಐ ಲೂಪ್‌ನಲ್ಲಿ ವೈಂಡಪ್ ತಡೆ: ಮೂರು ವಿಧಾನಗಳ ಹೋಲಿಕೆ

ಇಂಟಿಗ್ರಲ್ ಅತಿಯಾಗಿ ಬೆಳೆಯದಂತೆ ತಡೆಯುವ ಮೂರು ವಿಧಾನಗಳನ್ನು ಒಂದೇ ಮೋಟಾರಿನ ಮೇಲೆ ಹಾಕಿ ನೋಡಿದ ಬಳಿಕ ನನ್ನ ಒಲವು, ನಿಜವಾಗಿ ಹೊರಗೆ ಹೋದ ಔಟ್‌ಪುಟ್ ನೋಡಿ ಇಂಟಿಗ್ರಲ್ ಅನ್ನು ತಿದ್ದುವ ಬ್ಯಾಕ್ ಕ್ಯಾಲ್ಕುಲೇಷನ್ ಕಡೆಗೆ, ಅದರಲ್ಲೂ ಇಂಟಿಗ್ರಲ್ ಅನ್ನು ಲೋ ಪಾಸ್ ಫಿಲ್ಟರ್ ರೂಪದಲ್ಲಿ ಬರೆಯುವ ಅದರ ಸರಳ ಆವೃತ್ತಿಯ ಕಡೆಗೆ ನಿಂತಿದೆ. ಅದಕ್ಕೆ ಎದುರಾಗಿ ನಿಂತವು ಎರಡು: ಇಂಟಿಗ್ರಲ್‌ಗೆ ನಿಶ್ಚಿತ ಮಿತಿ ಹಾಕುವ ಕ್ಲ್ಯಾಂಪ್, ಮತ್ತು ಔಟ್‌ಪುಟ್ ಮಿತಿ ಮುಟ್ಟಿದಾಗ ಸಂಕಲನವನ್ನೇ ನಿಲ್ಲಿಸುವ ಕಂಡಿಷನಲ್ ಇಂಟಿಗ್ರೇಷನ್.

ಪರೀಕ್ಷೆಗೆ ಬಳಸಿದ್ದು ಬ್ರಷ್ ಇರುವ ಡಿಸಿ ಮೋಟಾರ್. ಡ್ಯೂಟಿಯನ್ನು 0ರಿಂದ 1000ದವರೆಗಿನ ಸಂಖ್ಯೆಯಾಗಿ ಕೊಡುತ್ತೇನೆ, ಲೂಪ್ 5 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ. ಲೂಪ್ ಮುಚ್ಚುವ ಮೊದಲು ಡ್ಯೂಟಿಯನ್ನು 300ರಿಂದ 500ಕ್ಕೆ ಒಮ್ಮೆಲೇ ಏರಿಸಿದಾಗ ವೇಗ 720 ಆರ್‌ಪಿಎಂ ಹೆಚ್ಚಿತು. ಅಂದರೆ ಒಂದು ಘಟಕ ಡ್ಯೂಟಿಗೆ 3.6 ಆರ್‌ಪಿಎಂ. ಆ ಏರಿಕೆಯ ಶೇ. 63ರಷ್ಟು ಭಾಗ ಮುಗಿಯಲು 0.1 ಸೆಕೆಂಡ್ ಹಿಡಿಯಿತು, ಅದೇ ಮೋಟಾರಿನ ಟೈಮ್ ಕಾನ್ಸ್ಟಂಟ್. ಮುಚ್ಚಿದ ಲೂಪ್ ಇದರ ಎರಡರಷ್ಟು ಚುರುಕಾಗಿ, ಎಂದರೆ 0.05 ಸೆಕೆಂಡಿನ ಟೈಮ್ ಕಾನ್ಸ್ಟಂಟ್‌ನೊಂದಿಗೆ ವರ್ತಿಸಲಿ ಎಂದು ಕೇಳಿಕೊಂಡರೆ ಲೆಕ್ಕ ನೇರವಾಗಿದೆ.

```
Ti = 0.1 s
Kp = 0.1 / (3.6 * 0.05) = 0.556
Ki = Kp / Ti = 5.56
```

ಡಿ ಭಾಗವನ್ನು ಬಿಟ್ಟಿದ್ದೇನೆ. ಒಂದು ಸುತ್ತಿಗೆ 2000 ಕೌಂಟ್ ಕೊಡುವ ಎನ್‌ಕೋಡರಿನಲ್ಲಿ 5 ಮಿಲಿಸೆಕೆಂಡಿಗೆ ಒಂದು ಕೌಂಟ್ ಹೆಚ್ಚುಕಡಿಮೆಯಾದರೂ ವೇಗ 6 ಆರ್‌ಪಿಎಂ ಜಿಗಿದಂತೆ ಕಾಣುವುದರಿಂದ, ಡಿ ವರ್ಧಿಸುವುದು ಆ ಜಿಗಿತವನ್ನೇ.

ತಡೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಗುರಿ 3000 ಆರ್‌ಪಿಎಂ ಇರುವಾಗ ಶಾಫ್ಟ್ ಒಂದು ಸೆಕೆಂಡ್ ಸಿಕ್ಕಿಕೊಂಡಿತೆನ್ನಿ. ಅಷ್ಟರಲ್ಲಿ ಇಂಟಿಗ್ರಲ್‌ಗೆ 16,000ಕ್ಕೂ ಹೆಚ್ಚು ಸೇರುತ್ತದೆ. ಶಾಫ್ಟ್ ಬಿಡುಗಡೆಯಾದ ಮೇಲೆ ವೇಗ 3600ಕ್ಕೆ ಏರಿ ದೋಷ ಕೇವಲ ಋಣ 600 ಆಗುವುದರಿಂದ ಇಂಟಿಗ್ರಲ್ ಕರಗುವುದು ಸೆಕೆಂಡಿಗೆ ಸುಮಾರು 3300ರಂತೆ. ಒಂದು ಸೆಕೆಂಡಿನ ತಡೆಗೆ ಪ್ರತಿಯಾಗಿ ಮೋಟಾರ್ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಪೂರ್ಣ ಡ್ಯೂಟಿಯಲ್ಲೇ ಓಡುತ್ತದೆ. ಲಾಗ್‌ನಲ್ಲಿ ವೇಗವು ಗುರಿಗಿಂತ ಮೇಲಿದ್ದೂ ಡ್ಯೂಟಿ 1000ದಲ್ಲೇ ಅಂಟಿಕೊಂಡಿದ್ದರೆ ಅದು ವೈಂಡಪ್, ಬೇರೇನನ್ನೂ ಅನುಮಾನಿಸಬೇಕಾಗಿಲ್ಲ.

ಕ್ಲ್ಯಾಂಪ್ ಬರೆಯಲು ಒಂದು ಸಾಲು ಸಾಕು, ಇಂಟಿಗ್ರಲ್ 0ರಿಂದ 1000ದೊಳಗೆ ಇರಲಿ ಎನ್ನುವುದಷ್ಟೇ. ಐದು ಸೆಕೆಂಡಿನ ಅನಾಹುತ ಅದರಿಂದ ತಪ್ಪುತ್ತದೆ. ಆದರೆ ನಿಂತಲ್ಲಿಂದ 3000ಕ್ಕೆ ಹೊರಟ ಮೋಟಾರ್ ಗುರಿ ಮುಟ್ಟುವ ಹೊತ್ತಿಗೆ ಇಂಟಿಗ್ರಲ್ 1000ಕ್ಕೆ ತಲುಪಿ ಕೂತಿರುತ್ತದೆ, ಆ ವೇಗಕ್ಕೆ ಬೇಕಾದದ್ದು ಮಾತ್ರ 833. ಹೆಚ್ಚುವರಿಯಾದ 167 ಸುಮಾರು 150 ಆರ್‌ಪಿಎಂ ಓವರ್‌ಶೂಟ್ ಆಗಿ ಹೊರಬೀಳುತ್ತದೆ. ಇದನ್ನು ಕಡಿಮೆ ಮಾಡಲೆಂದು ಮಿತಿಯನ್ನು 600ಕ್ಕೆ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಉಳಿದ ಡ್ಯೂಟಿಯನ್ನು ಪಿ ಭಾಗವೇ ತುಂಬಬೇಕಾಗುತ್ತದೆ, ದೋಷವಿಲ್ಲದೆ ಪಿಗೆ ಬೆಲೆಯಿಲ್ಲ, ಆದ್ದರಿಂದ ವೇಗ 2720ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಕಂಡಿಷನಲ್ ಇಂಟಿಗ್ರೇಷನ್ ಇದಕ್ಕಿಂತ ಜಾಣ ವಿಧಾನ.

```c
float u = kp * e + i;
if (!((u > 1000.0f && e > 0.0f) ||
      (u < 0.0f && e < 0.0f)))
    i += ki_ts * e;      /* Ki * Ts */
```

ಅದೇ 3000ದ ಜಿಗಿತಕ್ಕೆ ಇದು ಓವರ್‌ಶೂಟ್ ಮಾಡುವುದಿಲ್ಲ, ಬದಲಿಗೆ ಸೋಮಾರಿಯಾಗುತ್ತದೆ. ಆರಂಭದಲ್ಲಿ ಪಿ ಒಂದೇ 1667 ಕೇಳುವುದರಿಂದ ಸಂಕಲನ ನಿಂತಿರುತ್ತದೆ, ಮತ್ತು ವೇಗ 1200 ದಾಟಿ ಪಿ ಮಿತಿಯೊಳಗೆ ಬಂದಾಗ ಇಂಟಿಗ್ರಲ್ ಸೊನ್ನೆಯಿಂದ ಲೆಕ್ಕ ಶುರುಮಾಡಬೇಕಾಗುತ್ತದೆ. ಗುರಿಯ ಶೇ. 2ರೊಳಗೆ ಬರಲು ಒಟ್ಟು 0.34 ಸೆಕೆಂಡ್ ಹಿಡಿಯುತ್ತದೆ. ಸೋಮಾರಿತನವನ್ನು ನಾನು ಕ್ಷಮಿಸಬಲ್ಲೆ. ನನ್ನನ್ನು ಇದರಿಂದ ದೂರ ಮಾಡಿದ್ದು ಬೇರೆಯದೇ ಒಂದು ಕಿರಿಕಿರಿ.

ಪಿಐ ಲೆಕ್ಕದ ನಂತರ, ಟೈಮರ್ ರಿಜಿಸ್ಟರಿಗೆ ಡ್ಯೂಟಿ ಬರೆಯುವ ಮುನ್ನ, ಡ್ರೈವ್ ಪದರದಲ್ಲಿ ಒಂದು ರ‍್ಯಾಂಪ್ ಇತ್ತು. ಒಮ್ಮೆಲೇ ಕರೆಂಟ್ ನುಗ್ಗದಿರಲೆಂದು ಡ್ಯೂಟಿ ಏರುವ ದರವನ್ನು ಅದು 5 ಮಿಲಿಸೆಕೆಂಡಿಗೆ 10 ಘಟಕಕ್ಕೆ ಸೀಮಿತಗೊಳಿಸುತ್ತದೆ, ಇಳಿಯುವುದಕ್ಕೆ ಅಡ್ಡಿಯಿಲ್ಲ. ಇಂತಹ ರ‍್ಯಾಂಪ್ ಬಹುತೇಕ ಎಲ್ಲ ಮೋಟಾರ್ ಫರ್ಮ್‌ವೇರ್‌ಗಳಲ್ಲೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಮತ್ತು ಇರಬೇಕಾದದ್ದೇ. ಆದರೆ ಮೇಲಿನ `if` ಸಾಲು ನೋಡುವುದು ತನ್ನದೇ 0 ಮತ್ತು 1000ದ ಗಡಿಗಳನ್ನು ಮಾತ್ರ. ನಿಜವಾದ ಮಿತಿ ಅದರ ಬೆನ್ನ ಹಿಂದೆ ಜಾರಿಯಲ್ಲಿದೆ.

ಗುರಿಯನ್ನು 1500ಕ್ಕೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪಿ ಕೇಳುವುದು 833, ಅದು ಮಿತಿಯೊಳಗೇ ಇರುವುದರಿಂದ ಸಂಕಲನ ಸಾಗುತ್ತದೆ. ಇಪ್ಪತ್ತೈದು ಮಿಲಿಸೆಕೆಂಡಿನೊಳಗೆ ಒಟ್ಟು ಮೊತ್ತ 1000 ಮುಟ್ಟುತ್ತದೆ, ಸಂಕಲನ ನಿಲ್ಲುತ್ತದೆ. ವೇಗ ತುಸು ಏರಿ ದೋಷ ಇಳಿದ ಕೂಡಲೇ ಮೊತ್ತ 1000ದ ಕೆಳಗೆ ಬರುತ್ತದೆ, ಸಂಕಲನ ಮತ್ತೆ ಶುರುವಾಗುತ್ತದೆ, ಮತ್ತೆ 1000 ಮುಟ್ಟುತ್ತದೆ. ಹೀಗೆ ದೋಷ ಎಷ್ಟು ಕುಗ್ಗಿತೋ ಅದರ ಬಹುಭಾಗವನ್ನು ಇಂಟಿಗ್ರಲ್ ನುಂಗುತ್ತ ಹೋಗುತ್ತದೆ, ರ‍್ಯಾಂಪ್ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಏರುತ್ತಿರುತ್ತದೆ. ವೇಗ 1500 ಮುಟ್ಟಿದಾಗ ಇಂಟಿಗ್ರಲ್ 830ರ ಆಸುಪಾಸಿನಲ್ಲಿರುತ್ತದೆ, ಬೇಕಾದದ್ದು 417. ಮೋಟಾರ್ ಸುಮಾರು 1875 ಆರ್‌ಪಿಎಂವರೆಗೆ ಹೋಗಿ ಹಿಂದಿರುಗುತ್ತದೆ. ಕೋಡಿನಲ್ಲಿ ವೈಂಡಪ್ ತಡೆ ಇದೆ, ಅದು ಬರೆದಂತೆಯೇ ಕೆಲಸ ಮಾಡುತ್ತಿದೆ, ಆದರೂ ಮೋಟಾರ್ ಗುರಿಯ ಕಾಲು ಭಾಗದಷ್ಟು ಮೇಲೇರುತ್ತದೆ.

ಈ ಸ್ಥಿತಿಯಲ್ಲಿ ಸಹಜವಾಗಿ ಕೈ ಹೋಗುವುದು `Ki` ಕಡೆಗೆ. ಅದನ್ನು ತಗ್ಗಿಸಿದರೆ ಓವರ್‌ಶೂಟ್ ತಗ್ಗುವುದೂ ನಿಜ, ಜೊತೆಗೆ ಲೋಡ್ ಬಿದ್ದಾಗ ವೇಗ ಚೇತರಿಸಿಕೊಳ್ಳುವುದೂ ನಿಧಾನವಾಗುತ್ತದೆ. ಹಾಗೆ ಮಾಡುವ ಮೊದಲು ಪಿಐ ಕೇಳಿದ ಡ್ಯೂಟಿ ಮತ್ತು ರಿಜಿಸ್ಟರಿಗೆ ನಿಜವಾಗಿ ಹೋದ ಡ್ಯೂಟಿ, ಇವೆರಡನ್ನೂ ಒಂದೇ ಲಾಗ್‌ನಲ್ಲಿ ಅಕ್ಕಪಕ್ಕ ಬರೆಸಿ ನೋಡಬೇಕು. ಎರಡು ಗೆರೆಗಳು ಬೇರೆಯಾಗಿ ಸಾಗುತ್ತಿರುವಷ್ಟು ಹೊತ್ತೂ ಇಂಟಿಗ್ರಲ್ ಏರುತ್ತಿದ್ದರೆ ತಪ್ಪು ಟ್ಯೂನಿಂಗ್‌ನದಲ್ಲ. ಎರಡೂ ಡ್ಯೂಟಿಗಳು ಸಮವಿಲ್ಲದಾಗಲೆಲ್ಲ ಸಂಕಲನ ನಿಲ್ಲಿಸು ಎಂದು ಶರತ್ತನ್ನು ಬದಲಾಯಿಸಬಹುದು, ಆಗ ಓವರ್‌ಶೂಟ್ ಹೋಗಿ ಮೊದಲು ಹೇಳಿದ ಸೋಮಾರಿತನ ಮರಳುತ್ತದೆ.

ನನಗೆ ಹಿಡಿಸಿದ ರೂಪದಲ್ಲಿ ಶರತ್ತೇ ಇಲ್ಲ.

```c
/* a = Ts / Ti = 0.05 */
c->i += c->a * (applied - c->i);
u = c->kp * (ref - meas) + c->i;
```

`applied` ಎಂದರೆ ಹಿಂದಿನ ಸುತ್ತಿನಲ್ಲಿ ರ‍್ಯಾಂಪ್, ಮಿತಿ ಎಲ್ಲವನ್ನೂ ದಾಟಿ ರಿಜಿಸ್ಟರಿಗೆ ನಿಜವಾಗಿ ಹೋದ ಡ್ಯೂಟಿ. ಯಾವ ಮಿತಿಯೂ ತಾಗದಿದ್ದಾಗ `applied` ಮತ್ತು `i` ನಡುವಿನ ವ್ಯತ್ಯಾಸ `Kp * e` ಮಾತ್ರವಾದ್ದರಿಂದ ಇದು ಸಾಮಾನ್ಯ ಪಿಐ ಲೂಪೇ. ಮಿತಿ ತಾಗಿದಾಗ ಇಂಟಿಗ್ರಲ್ ದೋಷದ ಹಿಂದೆ ಹೋಗದೆ ನಿಜವಾದ ಡ್ಯೂಟಿಯ ಹಿಂದೆ ಹೋಗುತ್ತದೆ. ಬ್ಯಾಕ್ ಕ್ಯಾಲ್ಕುಲೇಷನ್‌ನಲ್ಲಿ ಪ್ರತ್ಯೇಕವಾಗಿ ಆರಿಸಬೇಕಾದ ಟ್ರ್ಯಾಕಿಂಗ್ ಸಮಯವನ್ನು `Ti`ಗೆ ಸಮವಾಗಿಟ್ಟರೆ ಸಿಗುವ ರೂಪವೇ ಇದು.

ಇದರ ನಿಜವಾದ ಸೊಗಸು `Ti`ಯನ್ನು ಮೋಟಾರಿನ ಟೈಮ್ ಕಾನ್ಸ್ಟಂಟ್‌ಗೆ ಸಮವಾಗಿಟ್ಟಾಗ ಕಾಣುತ್ತದೆ. ಮೋಟಾರ್ ತಾನೇ ಡ್ಯೂಟಿಗೆ 0.1 ಸೆಕೆಂಡಿನ ಲೋ ಪಾಸ್ ಫಿಲ್ಟರ್, ಇಂಟಿಗ್ರಲ್ ಕೂಡ ಅದೇ ಡ್ಯೂಟಿಗೆ ಅದೇ 0.1 ಸೆಕೆಂಡಿನ ಫಿಲ್ಟರ್. ಹಾಗಾಗಿ ರ‍್ಯಾಂಪ್ ಇರಲಿ, ಗಡಿ ಇರಲಿ, ಪ್ರತಿ ಕ್ಷಣವೂ ಇಂಟಿಗ್ರಲ್‌ನ ಬೆಲೆ ಆ ಕ್ಷಣದ ವೇಗವನ್ನು ಉಳಿಸಿಕೊಳ್ಳಲು ಬೇಕಾದಷ್ಟೇ ಇರುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರ‍್ಯಾಂಪ್ ಇಲ್ಲದೆ 3000ಕ್ಕೆ ಜಿಗಿಸಿದಾಗ 0.23 ಸೆಕೆಂಡಿನೊಳಗೆ ಓವರ್‌ಶೂಟ್ ಇಲ್ಲದೆ ತಲುಪುತ್ತದೆ. ರ‍್ಯಾಂಪ್ ಇಟ್ಟು 1500ಕ್ಕೆ ಕೊಟ್ಟಾಗಲೂ ವೇಗ ಗುರಿಯನ್ನು ದಾಟದೆ ನಿಲ್ಲುತ್ತದೆ.

ಪೂರ್ಣಾಂಕದಲ್ಲಿ ಬರೆಯುವವರು ಒಂದು ಕಡೆ ಎಚ್ಚರದಿಂದಿರಬೇಕು. `(applied - i) / 20` ಎಂದು ನೇರವಾಗಿ ಬರೆದರೆ ವ್ಯತ್ಯಾಸ 20ಕ್ಕಿಂತ ಕಡಿಮೆಯಾದ ಕೂಡಲೇ ಭಾಗಲಬ್ಧ ಸೊನ್ನೆಯಾಗಿ ಇಂಟಿಗ್ರಲ್ ಅಲ್ಲೇ ಹೆಪ್ಪುಗಟ್ಟುತ್ತದೆ, ಮತ್ತು ವೇಗ ಗುರಿಗಿಂತ 30 ಆರ್‌ಪಿಎಂನಷ್ಟು ಕಡಿಮೆಯಲ್ಲೇ ಉಳಿದುಬಿಡುತ್ತದೆ. ಇಂಟಿಗ್ರಲ್ ಇರುವ ಲೂಪ್‌ನಲ್ಲಿ ಇಂತಹ ಸ್ಥಿರ ದೋಷ ಕಂಡರೆ ಅನುಮಾನಿಸಬೇಕಾದದ್ದು ಈ ಭಾಗಾಕಾರವನ್ನೇ. `i`ಯನ್ನು 32 ಬಿಟ್‌ಗಳಲ್ಲಿ 65536ರಿಂದ ಗುಣಿಸಿದ ರೂಪದಲ್ಲಿಟ್ಟರೆ ಸಮಸ್ಯೆ ತೀರುತ್ತದೆ.

ಪ್ರತಿ ಸುತ್ತಿನಲ್ಲೂ ಡ್ಯೂಟಿಯ ಬದಲಾವಣೆಯನ್ನಷ್ಟೇ ಲೆಕ್ಕ ಹಾಕಿ ಕೂಡಿಸುವ ಇನ್ಕ್ರಿಮೆಂಟಲ್ ರೂಪವನ್ನೂ ನೋಡಿದೆ: ಅದು ಗಡಿ ಮುಟ್ಟಿದ ಮರುಕ್ಷಣವೇ ಪೂರ್ಣ ಡ್ಯೂಟಿಯಿಂದ ಕೆಳಗಿಳಿಯಲು ಶುರುಮಾಡಿ, ಲೂಪ್ ಇಲ್ಲದ ಮೋಟಾರಿನಷ್ಟೇ ನಿಧಾನವಾಗಿ ಗುರಿ ತಲುಪುತ್ತದೆ.

ಶಾಫ್ಟ್ ಸಿಕ್ಕಿಕೊಳ್ಳುವ ಪರೀಕ್ಷೆಯಲ್ಲಿ ಮಾತ್ರ ನನ್ನ ಆಯ್ಕೆ ಸೋಲುತ್ತದೆ. ಡ್ಯೂಟಿ 1000ದಲ್ಲಿದ್ದೂ ಶಾಫ್ಟ್ ತಿರುಗದಿದ್ದರೆ, ಡ್ಯೂಟಿಯನ್ನು ಹಿಂಬಾಲಿಸುವ ಇಂಟಿಗ್ರಲ್ ತಾನೂ 1000ಕ್ಕೆ ಏರುತ್ತದೆ, ಬಿಡುಗಡೆಯಾದಾಗ ಕ್ಲ್ಯಾಂಪ್‌ನಂತೆಯೇ 150 ಆರ್‌ಪಿಎಂ ಓವರ್‌ಶೂಟ್ ಬರುತ್ತದೆ. ಕಂಡಿಷನಲ್ ಇಂಟಿಗ್ರೇಷನ್ ಸಿಕ್ಕಿಕೊಳ್ಳುವ ಮೊದಲಿದ್ದ 833ರ ಹತ್ತಿರವೇ ಹೆಪ್ಪುಗಟ್ಟಿರುವುದರಿಂದ ಸುಮಾರು 40ರಲ್ಲೇ ಮುಗಿಸುತ್ತದೆ. ಡ್ರೈವರ್ ಚಿಪ್ ತಾನೇ ಕರೆಂಟ್ ಕತ್ತರಿಸುವ ಸಂದರ್ಭದಲ್ಲೂ ಎಚ್ಚರ ಬೇಕು, ಏಕೆಂದರೆ ರಿಜಿಸ್ಟರಿನಲ್ಲಿರುವ ಸಂಖ್ಯೆ ಆಗ ಮೋಟಾರಿಗೆ ಸಿಕ್ಕ ಡ್ಯೂಟಿಯಲ್ಲ. ಆಗ `applied` ಕೂಡ ಸುಳ್ಳು ಹೇಳುತ್ತದೆ, ಚಿಪ್ ಕೊಡುವ ಮಿತಿಯ ಸೂಚನೆಯನ್ನು ಓದಿ ಅದನ್ನು ತಗ್ಗಿಸಿ ಕೊಡಬೇಕಾಗುತ್ತದೆ.

ನಾನು ಮಾಡುವ ಕೆಲಸಗಳಲ್ಲಿ ಗುರಿ ಪದೇಪದೇ ಬದಲಾಗುತ್ತದೆ, ರ‍್ಯಾಂಪ್ ಯಾವಾಗಲೂ ಇರುತ್ತದೆ, ಶಾಫ್ಟ್ ಸಿಕ್ಕಿಕೊಳ್ಳುವುದು ಅಪರೂಪ, ಫ್ಲೋಟ್ ಘಟಕವಿರುವ ಚಿಪ್ ಕೈಯಲ್ಲಿರುತ್ತದೆ, ಮತ್ತು ಟ್ಯೂನ್ ಮಾಡಲು ಇನ್ನೊಂದು ಸ್ಥಿರಾಂಕ ನನಗೆ ಬೇಡ. ಅಂತಹ ಕಡೆ ಫಿಲ್ಟರ್ ರೂಪವನ್ನೇ ಬಳಸುತ್ತೇನೆ. ಆಗಾಗ ಜಾಮ್ ಆಗುವ ಯಂತ್ರಕ್ಕಾದರೆ, ನಿಜವಾದ ಡ್ಯೂಟಿಯೊಂದಿಗೆ ಹೋಲಿಸಿ ನಿಲ್ಲಿಸುವ ಕಂಡಿಷನಲ್ ರೂಪವನ್ನು ಹಾಕುತ್ತೇನೆ. ಫಿಲ್ಟರ್ ರೂಪ ಹಾಕಿದ ಮೇಲೆ ಶಾಫ್ಟಿಗೆ ಭಾರವಾದ ಚಕ್ರ ಕೂರಿಸಿದರೆ 300ರಿಂದ 500ರ ಜಿಗಿತವನ್ನು ಮತ್ತೆ ಅಳೆದು `Ti`ಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಟೈಮ್ ಕಾನ್ಸ್ಟಂಟ್ 0.2 ಸೆಕೆಂಡ್ ಆಗಿದ್ದೂ `a` ಹಳೆಯ 0.05ರಲ್ಲೇ ಉಳಿದರೆ ಇಂಟಿಗ್ರಲ್ ವೇಗಕ್ಕಿಂತ ಮುಂದೆ ಓಡಿ ಓವರ್‌ಶೂಟ್ ಮತ್ತೆ ಕಾಣಿಸಿಕೊಳ್ಳುತ್ತದೆ.