ಮೇಲ್ತುಟಿ ತೆಳ್ಳಗಿರುವವರೇ, ಮೀಸೆ ಕತ್ತರಿಸುವಾಗ ನಗಬೇಡಿ

ಒಂಬತ್ತು ದಿನ ಆಯ್ತು, ಕೋಪ ಇನ್ನೂ ಇಳಿದಿಲ್ಲ. ಬೆಳಗ್ಗೆ ಕನ್ನಡಿ ನೋಡಿದರೆ ಮತ್ತೆ ಏರುತ್ತದೆ. ನನ್ನ ಹಾಗೆ ಮೇಲ್ತುಟಿ ತೆಳ್ಳಗಿದ್ದು, ಮೀಸೆ ಬೇಗ ಬೆಳೆಯುವವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಸಲೂನಿನ ಕುರ್ಚಿಯಲ್ಲಿ ಕೂತು ಕಟಿಂಗ್ ಮಾಡುವವನಿಗೆ ನಾನು ಹೇಳಿದ್ದು ಒಂದೇ ಮಾತು. "ತುಟಿ ಮೇಲೆ ಬಿದ್ದಿರೋ ಕೂದಲು ಮಾತ್ರ ತೆಗೀರಿ, ದಪ್ಪ ಹಾಗೇ ಇರಲಿ." ಆತ ತಲೆ ಆಡಿಸಿದ. ಮೀಸೆಗೆ ನೀರು ಚಿಮುಕಿಸಿದ, ಬಾಚಣಿಗೆಯಿಂದ ಕೆಳಕ್ಕೆ ಬಾಚಿದ. ಆಮೇಲೆ ಹೇಳಿದ: "ಸ್ವಲ್ಪ ನಗಿ ಸರ್, ಲೈನ್ ಚೆನ್ನಾಗಿ ಸಿಗುತ್ತೆ."

ನಾನು ನಕ್ಕೆ. ನನ್ನ ಮೀಸೆ ಹಾಳಾಗಿದ್ದು ಅಲ್ಲೇ.

ನೀವೇ ಕನ್ನಡಿ ಮುಂದೆ ನಕ್ಕು ನೋಡಿ. ತುಟಿ ಮೇಲಕ್ಕೆ ಹೋಗುತ್ತದೆ, ಪಕ್ಕಕ್ಕೆ ಎಳೆದುಕೊಂಡು ಇನ್ನೂ ತೆಳ್ಳಗಾಗುತ್ತದೆ. ಮೂಗಿಗೂ ತುಟಿಗೂ ನಡುವಿನ ಜಾಗ ಕಿರಿದಾಗುತ್ತದೆ. ಆಗ ಸರಿಯಾಗೇ ಇದ್ದ ಮೀಸೆಯೂ ತುಟಿ ಮೇಲೆ ಇಳಿಬಿದ್ದ ಹಾಗೆ ಕಾಣುತ್ತದೆ. ತುಟಿ ತುಂಬಿಕೊಂಡಿರುವವರಿಗೆ ಒಂದೆರಡು ಎಳೆ ಹೆಚ್ಚು ಹೋದರೂ ನಡೆಯುತ್ತೆ. ನಮಗೆ ನಡೆಯಲ್ಲ, ಏಕೆಂದರೆ ನಕ್ಕಾಗ ನಮ್ಮ ಮೇಲ್ತುಟಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಆತ ಇಲ್ಲದ ತುಟಿಯನ್ನು ಹುಡುಕುತ್ತಾ ಕತ್ತರಿಸಿದ. ಸಾಲದ್ದಕ್ಕೆ ಕೂದಲು ಒದ್ದೆ. ಒದ್ದೆ ಕೂದಲು ಉದ್ದ ಕಾಣುತ್ತೆ, ಒಣಗಿದರೆ ಮೇಲಕ್ಕೆ ಎದ್ದು ನಿಲ್ಲುತ್ತೆ.

ನಗು ನಿಲ್ಲಿಸಿದೆ. ತುಟಿ ತನ್ನ ಜಾಗಕ್ಕೆ ಇಳಿಯಿತು, ಮೀಸೆ ಮೇಲೆಯೇ ಉಳಿಯಿತು. ನಡುವೆ ಬೋಳು ಚರ್ಮ, ಅದೂ ಎಡಗಡೆ ಜಾಸ್ತಿ. ಸಮ ಮಾಡ್ತೀನಿ ಅಂತ ಬಲಗಡೆಯೂ ತೆಗೆದ. ಮತ್ತೆ ಎಡಗಡೆ. ಮತ್ತೆ ಬಲಗಡೆ. ಆಮೇಲೆ "ಬ್ಯಾಲೆನ್ಸ್ ಬರಲಿ" ಅಂತ ಕೇಳದೇ ಮೂಗಿನ ಕೆಳಗೂ ರೇಜರ್ ಆಡಿಸಿದ. ಕೊನೆಗೆ ಉಳಿದದ್ದು ಹುಬ್ಬಿಗಿಂತ ಸಣ್ಣ ಗೆರೆ.

"ದಪ್ಪ ಹಾಗೇ ಇರಲಿ ಅಂದಿದ್ದೆ ಅಲ್ವಾ?" ಅಂದೆ.

"ನಿಮ್ಮ ತುಟೀನೇ ಹಾಗಿದೆ ಸರ್. ಅದಕ್ಕೆ ಹಿಂಗೆ ಕಾಣುತ್ತೆ."

ಅಂಗಡಿ ತುಂಬಾ ಜನ ಇದ್ದರು. ಮುಖ ಬಿಸಿಯಾಯಿತು. ನನ್ನ ತುಟಿ ಹೀಗಿದೆ ಅಂತ ಕತ್ತರಿ ಹಿಡಿಯುವ ಮೊದಲೇ ಕಾಣಿಸಿರಲಿಲ್ಲವಾ? ಅದು ನೋಡಿ ತಾನೇ ಕೆಲಸ ಮಾಡಬೇಕು? ಇನ್ನೊಮ್ಮೆ ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮದು ಬೇಗ ಬೆಳೆಯೋ ಕೂದಲು ಸರ್, ಎರಡು ದಿನ ಬಿಡಿ." ದುಡ್ಡು ಕೊಟ್ಟು ಸುಮ್ನೆ ಎದ್ದು ಬಂದೆ. ಸುಮ್ನೆ ಬಂದೆನಲ್ಲ ಅನ್ನುವುದೇ ಈಗಲೂ ಚುಚ್ಚುತ್ತಿದೆ.

ಎರಡು ದಿನ ಅಂತೆ! ಮೀಸೆ ಕೂದಲು ದಿನಕ್ಕೆ ಸುಮಾರು 0.4 ಮಿಲಿಮೀಟರ್ ಬೆಳೆಯುತ್ತದೆ. ನನ್ನದು ಅರ್ಧ ಮಿಲಿಮೀಟರ್ ಅಂತಲೇ ಇಟ್ಟುಕೊಳ್ಳಿ. ಎರಡು ದಿನಕ್ಕೆ 1 ಮಿಲಿಮೀಟರ್. ಬೋಳಿಸಿದ ಜಾಗದಲ್ಲಿ 6 ಮಿಲಿಮೀಟರ್ ಬರಬೇಕಾದರೆ 12 ದಿನ ಬೇಕು.

ಆ ಎರಡು ದಿನದಲ್ಲಿ ಆಗಿದ್ದು ಬೇರೆಯೇ. ಗೆರೆಯ ಮೇಲೂ ಕೆಳಗೂ ಕಪ್ಪು ಚುಕ್ಕೆ ಎದ್ದವು. ಬೇಗ ಬೆಳೆಯುವವರಿಗೆ ಸಣ್ಣ ಗೆರೆ ಮೀಸೆ ಒಗ್ಗದಿರುವುದು ಇದಕ್ಕೇ. ಬೆಳಗ್ಗೆ ಬೋಳಿಸಿದ ಅಂಚು ಸಂಜೆಗೇ ಮಸುಕಾಗುತ್ತದೆ, ಮರುದಿನ ಮೇಲ್ತುಟಿ ಪೂರ್ತಿ ಕೊಳಕಾದ ಹಾಗೆ ಕಾಣುತ್ತದೆ. ಆಫೀಸಲ್ಲಿ ಒಬ್ಬರು ಹತ್ತಿರ ಬಂದು, "ತುಟಿ ಮೇಲೆ ಏನೋ ಅಂಟಿದೆ, ಒರೆಸಿಕೊಳ್ಳಿ" ಅಂದರು. ಪಾಪ, ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಅವತ್ತೆಲ್ಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದೆ.

ಹಾಗಾಗಿ ನೀವು ಮೀಸೆ ಕತ್ತರಿಸಿಕೊಳ್ಳಲು ಕೂತಾಗ ಕೂದಲು ಒಣಗಿರಲಿ. ನೀರು ಹಾಕಲು ಬಂದರೆ ಬೇಡ ಅನ್ನಿ. ಬಾಯಿ ಮುಚ್ಚಿ, ತುಟಿ ಸಡಿಲ ಬಿಟ್ಟು ಕೂರಿ, ನಗಿ ಅಂದರೆ ನಗಬೇಡಿ. ಕತ್ತರಿ ತುಟಿಯ ಅಂಚಿನ ಗೆರೆ ತನಕ ಸಾಕು, ಅದರ ಮೇಲಿನ ಚರ್ಮ ಕಾಣಬಾರದು. ಕಂಡರೆ ತುಟಿ ಇನ್ನೂ ತೆಳ್ಳಗೆ ಕಾಣುತ್ತೆ. ಹಾಗಂತ ತುಟಿ ಮೇಲೆ ಇಳಿಬಿಟ್ಟರೆ ಬಾಯೇ ಇಲ್ಲದ ಹಾಗಾಗುತ್ತೆ. ಮೂಗಿನ ಕಡೆಯ ಅಂಚಿಗೆ ರೇಜರ್ ಮುಟ್ಟಿಸಲೇಬೇಡಿ. ಅಲ್ಲಿ ಗೆರೆ ಇಲ್ಲದಿದ್ದರೆ ಬೆಳೆದದ್ದು ಗೊತ್ತಾಗುವುದಿಲ್ಲ. ಎರಡು ಕಡೆ ಸಮ ಇಲ್ಲ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಅನ್ನಿ, ಸಮ ಮಾಡೋಕೆ ಬಿಡಬೇಡಿ. ನಾನು ಬಿಟ್ಟಿದ್ದಕ್ಕೇ ಇಷ್ಟಾಯಿತು.

ನಾನಂತೂ ಒಂದು ಸಣ್ಣ ಕತ್ತರಿ ತಂದಿಟ್ಟುಕೊಂಡಿದ್ದೇನೆ. ಬೆಳೆದ ಮೇಲೆ ನಾಲ್ಕು ದಿನಕ್ಕೊಮ್ಮೆ ತುಟಿ ದಾಟಿದ ಎಳೆಗಳನ್ನು ನಾನೇ ತೆಗೆಯುತ್ತೇನೆ. ಸದ್ಯಕ್ಕೆ ಅದರ ಕೆಲಸ ಇಲ್ಲ. ಬಲಗಡೆ ಹೆಚ್ಚುಕಡಿಮೆ ತುಂಬಿದೆ. ಎಡಗಡೆ, ಮೊದಲು ಕತ್ತರಿ ಆಡಿಸಿದ ಜಾಗದಲ್ಲಿ, ಚರ್ಮ ಇನ್ನೂ ಕಾಣುತ್ತಿದೆ.