ಮೇಲ್‌ಬಾಕ್ಸ್ ಇಲ್ಲದ ಡೊಮೇನ್‌ಗೆ ಇಮೇಲ್: ನಾನು ಬಳಸಿ ನೋಡಿದ ಮೂರು ದಾರಿಗಳು

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ ಅವರ ಬೇಡಿಕೆ ಚಿಕ್ಕದು. ಅಂಗಡಿಯ ಡೊಮೇನ್‌ನಲ್ಲಿ ಆರ್ಡರ್‌ಗೆ ಒಂದು, ಲೆಕ್ಕಪತ್ರಕ್ಕೆ ಒಂದು ವಿಳಾಸ ಇರಬೇಕು. ಎರಡಕ್ಕೂ ಬಂದ ಪತ್ರ ಅವರ ಮೊಬೈಲ್‌ನ ಜಿಮೇಲ್‌ಗೇ ಬೀಳಬೇಕು. ತಿಂಗಳ ಬಾಡಿಗೆ ಕೊಟ್ಟು ಮೇಲ್‌ಬಾಕ್ಸ್ ಇಟ್ಟುಕೊಳ್ಳಲು ಅವರು ಒಪ್ಪಲಿಲ್ಲ. "ಓದುವವನು ನಾನೊಬ್ಬನೇ ತಮ್ಮಾ, ಡಬ್ಬಿ ಎರಡು ಯಾಕೆ?" ಎಂದರು. ಹಾಗಾಗಿ ಬರೀ ಫಾರ್ವರ್ಡಿಂಗ್. ಹುಬ್ಬಳ್ಳಿಯಲ್ಲಿ ಕುಳಿತು ಮೂರು ಬಗೆಯಲ್ಲಿ ಮಾಡಿ ನೋಡಿದೆ. ಕೆಳಗಿನ ಉದಾಹರಣೆಗಳಲ್ಲಿ ಡೊಮೇನ್ ಹೆಸರು ಬದಲಿಸಿದ್ದೇನೆ.

ಮೊದಲನೆಯದು ಡೊಮೇನ್ ಮಾರಿದ ಕಂಪನಿಯೇ ಉಚಿತವಾಗಿ ಕೊಡುವ ಫಾರ್ವರ್ಡಿಂಗ್. ಎರಡು ಗುಂಡಿ ಒತ್ತಿದರೆ ಮುಗಿಯಿತು, ಯಾವ ರೆಕಾರ್ಡ್ ಬರೆಯುವ ಕೆಲಸವೂ ಇಲ್ಲ. ಹೆಚ್ಚಿನ ಪತ್ರಗಳು ಬಂದವು. ಆದರೆ ಮಸಾಲೆ ಪುಡಿ ಮಾಡುವ ಒಬ್ಬ ಹಳೆಯ ಗಿರಾಕಿ ಫೋನ್ ಮಾಡಿ, ತಾವು ಕಳಿಸಿದ ಆರ್ಡರ್ ವಾಪಸ್ ಬಂದಿದೆ ಎಂದರು. ವಾಪಸ್ ಬಂದ ಪತ್ರದಲ್ಲಿ ಜಿಮೇಲ್‌ನ `550-5.7.26` ಎಂಬ ಸಂಕೇತವಿತ್ತು. ಕಳಿಸಿದವರು ಯಾರೆಂಬುದು ದೃಢಪಟ್ಟಿಲ್ಲ, ಆದ್ದರಿಂದ ಸ್ವೀಕರಿಸುವುದಿಲ್ಲ ಎಂದು ಅದರ ಅರ್ಥ.

ಕಾರಣ ಇಲ್ಲಿದೆ. ಪ್ರತಿ ಇಮೇಲ್‌ಗೂ ಕಳಿಸಿದವರ ವಿಳಾಸ ಎರಡು ಕಡೆ ಇರುತ್ತದೆ. ಒಂದು ನಾವು ಓದುವ `From`. ಇನ್ನೊಂದು ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ, ಲಕೋಟೆಯ ಮೇಲಿನ ವಿಳಾಸ. ಎಸ್‌ಪಿಎಫ್ ಪರೀಕ್ಷೆ ನಡೆಯುವುದು ಎರಡನೆಯದರ ಮೇಲೆ: ಈ ಡೊಮೇನ್‌ನ ಹೆಸರಿನಲ್ಲಿ ಪತ್ರ ಕಳಿಸಲು ಈ ಐಪಿ ವಿಳಾಸಕ್ಕೆ ಅನುಮತಿ ಇದೆಯೇ ಎಂದು ಡೊಮೇನ್‌ಗಳ ರೆಕಾರ್ಡ್‌ಗಳಿರುವ ಡಿಎನ್‌ಎಸ್‌ನಲ್ಲಿ ನೋಡುತ್ತಾರೆ. ಗಿರಾಕಿಯ ಸರ್ವರ್‌ನಿಂದ ಹೊರಟ ಪತ್ರವನ್ನು ಫಾರ್ವರ್ಡ್ ಮಾಡುವ ಸರ್ವರ್ ಲಕೋಟೆ ಬದಲಿಸದೆ ಹಾಗೆಯೇ ದಾಟಿಸಿದರೆ, ಜಿಮೇಲ್‌ಗೆ ಕಾಣುವುದು ಗಿರಾಕಿಯ ಹೆಸರು, ಆದರೆ ಅಪರಿಚಿತ ಐಪಿ. ಎಸ್‌ಪಿಎಫ್ ಅಲ್ಲಿಗೇ ಮುರಿಯುತ್ತದೆ. ಬಹಳಷ್ಟು ಪತ್ರಗಳು ಆದರೂ ದಾಟುವುದಕ್ಕೆ ಕಾರಣ ಡಿಕಿಮ್. ಅದು ಪತ್ರದ ಒಡಲಿಗೂ ಮುಖ್ಯ ಶೀರ್ಷಿಕೆಗಳಿಗೂ ಹಾಕಿದ ಸಹಿ. ನಡುವೆ ಯಾರೂ ತಿದ್ದದಿದ್ದರೆ ಎಷ್ಟು ಕೈ ಬದಲಾದರೂ ಅದು ಉಳಿಯುತ್ತದೆ. ಈ ಗಿರಾಕಿಯ ಹಳೆಯ ಸರ್ವರ್ ಸಹಿ ಹಾಕುತ್ತಿರಲಿಲ್ಲ. ಎಸ್‌ಪಿಎಫ್ ಮುರಿದಿತ್ತು, ಡಿಕಿಮ್ ಇರಲೇ ಇಲ್ಲ. ಎರಡರಲ್ಲಿ ಒಂದಾದರೂ ಇರಬೇಕು ಎಂಬ ನಿಯಮವನ್ನು ಜಿಮೇಲ್ 2024ರಿಂದ ಎಲ್ಲ ಕಳಿಸುವವರಿಗೂ ಹಾಕಿದೆ.

ಇದಕ್ಕೆ ಮದ್ದು ಎಸ್‌ಆರ್‌ಎಸ್. ಫಾರ್ವರ್ಡ್ ಮಾಡುವ ಸರ್ವರ್ ಲಕೋಟೆಯ ಮೇಲೆ ಗಿರಾಕಿಯ ವಿಳಾಸದ ಬದಲು ತನ್ನ ಜವಾಬ್ದಾರಿಯಲ್ಲಿರುವ ಡೊಮೇನ್‌ನ ವಿಳಾಸ ಬರೆಯುತ್ತದೆ, `From` ಮುಟ್ಟುವುದಿಲ್ಲ. ಉಳಿದೆರಡು ದಾರಿಗಳಲ್ಲೂ ಇದು ತಾನಾಗಿಯೇ ಆಗುತ್ತದೆ.

ಎರಡನೆಯದಾಗಿ ಫಾರ್ವರ್ಡ್ ಇಮೇಲ್ ಎಂಬ ಸೇವೆ. ಇದರ ಉಚಿತ ಬಗೆಯಲ್ಲಿ ನಿಯಮಗಳನ್ನೆಲ್ಲ ಡಿಎನ್‌ಎಸ್‌ನಲ್ಲೇ ಬರೆಯುತ್ತೇವೆ:

```
menasu.example.  MX   10 mx1.forwardemail.net.
menasu.example.  MX   10 mx2.forwardemail.net.
menasu.example.  TXT  "forward-email=order:kaka@example.com"
```

ಇದರ ಸರಳತೆ ನನಗೆ ಬಹಳ ಹಿಡಿಸಿತು. ಡಿಎನ್‌ಎಸ್ ಈಗಿರುವಲ್ಲೇ ಇರಲಿ, ಎಲ್ಲಿಗೂ ಸಾಗಿಸಬೇಕಿಲ್ಲ. ಆದರೆ ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ಡಿಎನ್‌ಎಸ್ ಎಲ್ಲರೂ ಓದಬಹುದಾದ ಫಲಕ. `dig TXT menasu.example` ಎಂದು ಟೈಪ್ ಮಾಡಿದ ಯಾರಿಗಾದರೂ ಕಾಕಾ ಅವರ ಸ್ವಂತ ಜಿಮೇಲ್ ವಿಳಾಸ ಸಿಗುತ್ತದೆ. ವಿಳಾಸವನ್ನು ಗೂಢಲಿಪಿಯಲ್ಲಿ ಬರೆಯುವ ಸೌಲಭ್ಯವನ್ನು ಅವರೇ ಕೊಟ್ಟಿದ್ದಾರೆ, ದುಡ್ಡು ಕೊಟ್ಟರೆ ನಿಯಮಗಳನ್ನು ಡಿಎನ್‌ಎಸ್‌ನ ಹೊರಗೇ ಇಡಬಹುದು. ಉಚಿತ ಬಗೆಯಲ್ಲೇ ಇರುವುದಾದರೆ ಗೂಢಲಿಪಿ ಬಳಸದೆ ಬಿಡಬೇಡಿ. ಹೊಸ ವಿಳಾಸ ಸೇರಿಸಿದಾಗಲೆಲ್ಲ ಡಿಎನ್‌ಎಸ್ ತಿದ್ದಿ, ಅದು ಹರಡುವವರೆಗೆ ಕಾಯಬೇಕು ಎಂಬುದೂ ನೆನಪಿರಲಿ.

ಮೂರನೆಯದು ಕ್ಲೌಡ್‌ಫ್ಲೇರ್‌ನ ಇಮೇಲ್ ರೂಟಿಂಗ್. ಇದೂ ಉಚಿತ, ಆದರೆ ಡೊಮೇನ್‌ನ ನೇಮ್‌ಸರ್ವರ್‌ಗಳನ್ನೇ ಅವರಿಗೆ ಒಪ್ಪಿಸಬೇಕು. ಅಂದರೆ ವೆಬ್‌ಸೈಟ್‌ನ ರೆಕಾರ್ಡ್‌ಗಳೂ ಜೊತೆಗೆ ಹೋಗುತ್ತವೆ. ಸಾಗಿಸುವ ಮೊದಲು ಹಳೆಯವನ್ನೆಲ್ಲ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಕೆಲಸ ಸುಲಭ. ಪತ್ರ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಮೂರು ಎಂಎಕ್ಸ್ ರೆಕಾರ್ಡ್‌ಗಳನ್ನೂ ಈ ಎಸ್‌ಪಿಎಫ್ ಸಾಲನ್ನೂ ಅದೇ ಸೇರಿಸುತ್ತದೆ:

```
TXT  "v=spf1 include:_spf.mx.cloudflare.net ~all"
```

ಕ್ಲೌಡ್‌ಫ್ಲೇರ್ ಲಕೋಟೆಯ ಮೇಲೆ ಬರೆಯುವುದು ನಮ್ಮ ಡೊಮೇನ್‌ನ ಹೆಸರನ್ನೇ. ಆದ್ದರಿಂದ ಈ ಸಾಲು ತಪ್ಪಿದರೆ ಎಸ್‌ಆರ್‌ಎಸ್ ಇದ್ದೂ ಪ್ರಯೋಜನವಿಲ್ಲ. ಮೊದಲಿನ ಹೋಸ್ಟಿಂಗ್‌ನವರು ಹಾಕಿದ ಇನ್ನೊಂದು `v=spf1` ಸಾಲು ಉಳಿದಿದ್ದರೂ ಕೆಟ್ಟಿತು: ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕು, ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಹಳೆಯ ಎಂಎಕ್ಸ್ ಉಳಿದರೆ ಕೆಲವು ಪತ್ರಗಳು ಯಾರೂ ತೆರೆಯದ ಹಳೆಯ ಸರ್ವರ್‌ಗೆ ಸೇರಿಕೊಳ್ಳುತ್ತವೆ. ತಲುಪಬೇಕಾದ ಜಿಮೇಲ್‌ಗೆ ಒಂದು ದೃಢೀಕರಣದ ಪತ್ರವೂ ಬರುತ್ತದೆ. ಅದರಲ್ಲಿನ ಕೊಂಡಿ ಒತ್ತುವವರೆಗೆ ಏನೂ ಬರುವುದಿಲ್ಲ. ಕಾಕಾ ಅದನ್ನು ಜಾಹೀರಾತು ಎಂದು ಅಳಿಸಿಹಾಕಿದ್ದರು.

ಇಂಪ್ರೂವ್‌ಎಂಎಕ್ಸ್ ಎಂಬುದನ್ನೂ ನೋಡಿದೆ. ನೇಮ್‌ಸರ್ವರ್ ಬದಲಿಸಬೇಕಿಲ್ಲ, ನಿಯಮಗಳು ಅವರ ತಾಣದಲ್ಲೇ ಇರುವುದರಿಂದ ಜಿಮೇಲ್ ವಿಳಾಸ ಡಿಎನ್‌ಎಸ್‌ನಲ್ಲಿ ಕಾಣುವುದಿಲ್ಲ. ಡಿಎನ್‌ಎಸ್ ಸಾಗಿಸಲು ಆಗದವರಿಗೆ ನಾನು ಇದನ್ನೇ ಹೇಳುತ್ತೇನೆ.

ಪರೀಕ್ಷಿಸುವಾಗ ಒಂದು ಮೋಸವಿದೆ. ಅದೇ ಜಿಮೇಲ್‌ನಿಂದ ಹೊಸ ವಿಳಾಸಕ್ಕೆ ಪತ್ರ ಕಳಿಸಿದರೆ ಇನ್‌ಬಾಕ್ಸ್‌ನಲ್ಲಿ ಏನೂ ಕಾಣುವುದಿಲ್ಲ. ತಾನೇ ಕಳಿಸಿದ ಪತ್ರದ ಗುರುತು ಹಿಡಿದು ಜಿಮೇಲ್ ಎರಡನೇ ಪ್ರತಿಯನ್ನು ತೋರಿಸುವುದಿಲ್ಲ. ಫಾರ್ವರ್ಡಿಂಗ್ ಕೆಟ್ಟಿದೆ ಎಂದು ರೆಕಾರ್ಡ್‌ಗಳನ್ನು ಕೆದಕುತ್ತ ರಾತ್ರಿ ಕಳೆಯುವವರು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಬೇರೆ ಖಾತೆಯಿಂದ ಕಳಿಸಿ, ಬಂದ ಪತ್ರದಲ್ಲಿ `Show original` ಒತ್ತಿ ಎಸ್‌ಪಿಎಫ್, ಡಿಕಿಮ್ ಮತ್ತು ಆ ಎರಡನ್ನೂ `From` ಜೊತೆ ತಾಳೆ ನೋಡುವ ಡಿಮಾರ್ಕ್‌ಗಳ ಮುಂದೆ ಏನಿದೆ ನೋಡಿ.

ಆ ಗಿರಾಕಿಯ ಪತ್ರ ಈಗ ಬರುತ್ತದೆ. ಎಸ್‌ಪಿಎಫ್ ಮುಂದೆ `PASS` ಇದೆ. ಆದರೆ ಎಸ್‌ಆರ್‌ಎಸ್‌ಗೂ ಮಿತಿ ಇದೆ. ಡಿಮಾರ್ಕ್ ಕೇಳುವುದು ಬರೀ ಪಾಸಾಗಿದೆಯೇ ಎಂದಲ್ಲ, ಪಾಸಾದ ಡೊಮೇನ್ `From`ನಲ್ಲಿ ಕಾಣುವ ಡೊಮೇನ್‌ಗೆ ಹೊಂದುತ್ತದೆಯೇ ಎಂದು. ಲಕೋಟೆ ನಮ್ಮದಾದ ಮೇಲೆ ಅದು ಗಿರಾಕಿಯ ಹೆಸರಿಗೆ ಹೊಂದುವುದಿಲ್ಲ. ಅವರು ಡಿಮಾರ್ಕ್‌ನಲ್ಲಿ `p=reject` ಎಂದು ಬರೆದು, ಡಿಕಿಮ್ ಹಾಕದೆ ಬಿಟ್ಟರೆ, `From` ಮುಟ್ಟದೆ ದಾಟಿಸುವ ಫಾರ್ವರ್ಡಿಂಗ್ ಸೇವೆಯಿಂದ ಪತ್ರ ಸಾಮಾನ್ಯವಾಗಿ ದಾಟದು. ಆಗ ಮಾಡಬೇಕಾದ ಕೆಲಸ ಅವರ ಕಡೆಯದು; ಡಿಕಿಮ್ ಸಹಿ ಹಾಕಿ ಎಂದು ಅವರ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಹೇಳಿಸಿದ್ದೇನೆ.

ಯಾವ ಹೆಸರಿಗೆ ಬಂದರೂ ಸ್ವೀಕರಿಸುವ ಕ್ಯಾಚ್-ಆಲ್ ಅನ್ನು ಎಲ್ಲ ಕಡೆಯೂ ನಿಲ್ಲಿಸಿದ್ದೇನೆ. ಊಹೆಯ ಹೆಸರುಗಳಿಗೆ ಬರುವ ಕಸವೆಲ್ಲ ನಮ್ಮದೇ ಲಕೋಟೆಯಲ್ಲಿ ಜಿಮೇಲ್‌ಗೆ ಹೋದರೆ, ಕೆಡುವುದು ನಮ್ಮ ಡೊಮೇನ್‌ನ ಹೆಸರೇ.

ಕಾಕಾ ಅವರಿಗೆ ಕ್ಲೌಡ್‌ಫ್ಲೇರ್ ದಾರಿಯನ್ನೇ ಉಳಿಸಿದ್ದೇನೆ. ಉತ್ತರ ಬರೆದರೆ ಅದು ಅವರ ಜಿಮೇಲ್ ವಿಳಾಸದಿಂದಲೇ ಹೋಗುತ್ತದೆ, ಫಾರ್ವರ್ಡಿಂಗ್ ಒಂದೇ ದಿಕ್ಕಿನದು. ಅಂಗಡಿಯ ಹೆಸರಿನಲ್ಲೇ ಉತ್ತರ ಹೋಗಬೇಕೆಂದರೆ ಕಳಿಸುವ ಸರ್ವರ್ ಬೇರೆ ಬೇಕು. ಫಾರ್ವರ್ಡ್ ಇಮೇಲ್, ಇಂಪ್ರೂವ್‌ಎಂಎಕ್ಸ್ ಎರಡೂ ಅದನ್ನು ಹಣಕ್ಕೆ ಕೊಡುತ್ತವೆ. ಕಾಕಾ ಬೇಡ ಎಂದರು. `From`ನಲ್ಲಿ ಡೊಮೇನ್‌ನ ಹೆಸರು ಹೊತ್ತು ಏನೂ ಹೊರಗೆ ಹೋಗದಿರುವುದರಿಂದ, ಅದನ್ನು ಕದ್ದು ಬಳಸುವವರನ್ನು ತಡೆಯಲು `_dmarc` ಹೆಸರಿನಲ್ಲಿ `v=DMARC1; p=reject` ಎಂಬ ಸಾಲನ್ನೂ ಹಾಕಿಬಿಟ್ಟೆ. ಮುಂದೆ ಅವರು ಕಳಿಸುವ ಸರ್ವರ್ ತೆಗೆದುಕೊಂಡರೆ, ಅದರ ಡಿಕಿಮ್ ರೆಕಾರ್ಡ್ ಸೇರಿಸಿದ ಮೇಲಷ್ಟೇ ಮೊದಲ ಪತ್ರ ಹೊರಡಬೇಕು.