ಫೋಟೋ ನೋಡಿ ಗೆಣಸು ತರಿಸಿದೆ, ಬಂದದ್ದು ಕೆಸುವಿನ ಗಡ್ಡೆ

ಶಿವರಾತ್ರಿ ಹಿಂದಿನ ದಿನ. ಗಂಗಾವತಿಯ ಬಿಸಿಲಲ್ಲಿ ಸಂತೆಗೆ ಹೋಗೋಕೆ ಸೋಮಾರಿತನ. ವಾಟ್ಸಾಪ್‌ನಲ್ಲಿ ಒಬ್ಬ ವ್ಯಾಪಾರಿ ‘ತಾಜಾ ಗೆಣಸು’ ಅಂತ ಫೋಟೋ ಹಾಕಿದ್ದ. ಮಣ್ಣು ಮೆತ್ತಿದ ಉದ್ದುದ್ದ ಗಡ್ಡೆಗಳು. ಐದು ಕಿಲೋ ಹೇಳಿಬಿಟ್ಟೆ.

ಚೀಲ ಬಂದ ಕೂಡಲೇ ಅಕ್ಕನ ಮಗಳು ಒಂದನ್ನು ತೊಳೆದು ಹಸಿಯಾಗೇ ಕಚ್ಚಿದಳು. ನಮ್ಮಲ್ಲಿ ಹಸಿ ಗೆಣಸು ತಿನ್ನೋದು ಹೊಸದೇನಲ್ಲ. ಎರಡೇ ನಿಮಿಷ, ತುಟಿ ನಾಲಿಗೆ ಉರಿ ಅಂತ ಅಳು ಶುರು. ಅವ್ವ ಓಡಿ ಬಂದು ಗಡ್ಡೆ ಕೈಗೆತ್ತಿಕೊಂಡಳು. “ಇದು ಗೆಣಸಲ್ಲೋ ತಮ್ಮಾ, ಕೆಸುವಿನ ಗಡ್ಡಿ. ಮೈಮ್ಯಾಲೆ ಬಳಿ ಕಾಣಂಗಿಲ್ಲೇನು ನಿನಗ?” ತೆಲುಗು ಮಂದಿ ಚಾಮಗಡ್ಡ ಅನ್ನೋದು ಇದನ್ನೇ. ಬಾಯಿ ತೊಳೆಸಿ ತಣ್ಣನೆ ಮೊಸರು ಕೊಟ್ಟೆವು. ನಿಧಾನಕ್ಕೆ ಉರಿ ಇಳಿಯಿತು. ಗಂಟಲು ಊದಿದ್ದರೆ, ಉಸಿರಿಗೆ ತೊಂದರೆ ಆಗಿದ್ದರೆ ಆಸ್ಪತ್ರೆಗೇ ಓಡಬೇಕಿತ್ತು. ಹಸಿ ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಅವೇ ಚುಚ್ಚೋದು.

ಆಮೇಲೆ ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಬಳೆಗಳು ಅಲ್ಲೇ ಇದ್ದವು! ಮಣ್ಣಿನ ಕೆಳಗೆ ಗಡ್ಡೆಯ ಸುತ್ತ ಒಂದರ ಹಿಂದೆ ಒಂದು ಗೆರೆ, ನಡುವೆ ನಾರಿನ ಕೂದಲು. ಕೆಸುವಿನ ಗಡ್ಡೆ ಅಂದರೆ ಕಾಂಡ. ಎಲೆ ಉದುರಿದ ಜಾಗವೇ ಆ ಬಳೆ. ಗೆಣಸು ಬೇರು, ಅದಕ್ಕೆ ಎಲೆಯ ಗುರುತು ಬರೋಕೆ ಸಾಧ್ಯವೇ ಇಲ್ಲ. ಅದರ ಸಿಪ್ಪೆ ತೆಳು, ಉಗುರಲ್ಲಿ ಕೆರೆದರೆ ಏಳುತ್ತದೆ. ಎರಡೂ ತುದಿ ಚೂಪಾಗಿ ಬಾಲದಂತೆ ಮುಗಿಯುತ್ತವೆ. ಕೆಸುವಿಗೆ ಒಂದು ಕಡೆ ಮೊಳಕೆ, ಇನ್ನೊಂದು ಕಡೆ ತಾಯಿಗಡ್ಡೆಯಿಂದ ಮುರಿದ ಚಪ್ಪಟೆ ಗಾಯ.

ಅನುಮಾನ ಇದ್ದರೆ ಆಗತಾನೆ ಕೊಯ್ದ ಹೋಳಿನ ಫೋಟೋ ಕೇಳಿ. ತಾಜಾ ಗೆಣಸಾದರೆ ಸಿಪ್ಪೆಯ ಒಳಗಂಚಿನಲ್ಲಿ ಹಾಲಿನ ಹನಿಗಳು ಏಳುತ್ತವೆ. ಬಾಡಿದ್ದರೆ ಕಡಿಮೆ. ಕೆಸುವಿನಲ್ಲಿ ಹಾಲಿಲ್ಲ, ಲೋಳೆ ಇರುತ್ತದೆ. ಬಿಳಿ ತಿರುಳಿನಲ್ಲಿ ಎಷ್ಟೋ ಸಲ ಸಣ್ಣ ನೇರಳೆ ಚುಕ್ಕೆ ಕಾಣುತ್ತವೆ.

ತೂಣಗೆಣಸಿನ ಹೆಸರಲ್ಲೇ ಗೆಣಸು ಇದೆ, ಸಂಬಂಧ ಮಾತ್ರ ಇಲ್ಲ. ಅದರ ಸಿಪ್ಪೆ ಮರದ ತೊಗಟೆಯಂತೆ ಒರಟು, ಬಳೆ ಇರಲ್ಲ, ಆಕಾರಕ್ಕೆ ಅಂಕೆಯಿಲ್ಲ. ಕೊಯ್ದರೆ ಅದೂ ಲೋಳೆಯೇ. ಒಳಗೆ ಬಿಳಿ, ಕೆಲವು ನೇರಳೆ. ನೇರಳೆ ಗೆಣಸೂ ಇರೋದರಿಂದ ಸಿಪ್ಪೆ ತೆಗೆದ ಹೋಳಿನ ಬಣ್ಣ ನೋಡಿ ಮಾತ್ರ ಯಾವುದು ಅಂತ ಹೇಳೋಕೆ ಹೋಗಬೇಡಿ. ಸಿಪ್ಪೆಯೂ ಹೋಳೂ ಒಂದೇ ಫೋಟೋದಲ್ಲಿ ಇರಬೇಕು.

ವ್ಯಾಪಾರಿಗೆ ಫೋನ್ ಮಾಡಿದರೆ “ಎಲ್ಲಾ ಗಡ್ಡೀನೇ ಅಲ್ರೀ” ಅಂದ. ಆ ಐದು ಕಿಲೋ ಹುಣಸೆಹುಳಿಯಲ್ಲಿ ಚೆನ್ನಾಗಿ ಬೆಂದು ಮೂರು ದಿನ ನಮ್ಮ ತಟ್ಟೆಗೆ ಬಂತು. ಉಪವಾಸದ ಗೆಣಸಿಗೆ ಕೊನೆಗೂ ಸಂತೆಗೇ ಹೋದೆ.